ಹಳೆಯ ವಿದ್ಯಾರ್ಥಿಯೊಬ್ಬರ 20 ನಿಮಿಷ ಕೇಳುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಕಾಲೇಜು ವಿದ್ಯಾರ್ಥಿಗಳು ತಮ್ಮ ಸೀನಿಯರ್‌ಗಳಿಗೆ ಬರೆಯುವ ಮೆಸೇಜ್‌ಗಳನ್ನು ಕಳಿಸುವ ಮೊದಲು ನನಗೆ ತೋರಿಸುತ್ತಾರೆ. ಆಗ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಅವನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ಗದಗಿನಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದುತ್ತಿರುವ ಒಬ್ಬ ಹುಡುಗಿ. ಕಪ್ಪತಗುಡ್ಡದ ಕಡೆ ತಿರುಗುವ ಗಾಳಿಯಂತ್ರಗಳನ್ನು ಚಿಕ್ಕಂದಿನಿಂದ ನೋಡಿದ್ದಾಳೆ. ಆ ಕ್ಷೇತ್ರದಲ್ಲಿ ಕೆಲಸ ಮಾಡಬೇಕಾ ಬೇಡವಾ ಅನ್ನುವುದು ಅವಳ ಪ್ರಶ್ನೆ. ಅವಳದೇ ವಿಭಾಗದಲ್ಲಿ ಓದಿದ ಸೀನಿಯರ್ ಒಬ್ಬರು ಈಗ ಗಾಳಿ ವಿದ್ಯುತ್ ಸೈಟಿನಲ್ಲಿ ನಿರ್ವಹಣೆ ಎಂಜಿನಿಯರ್.

20 ನಿಮಿಷ ಅಂತ ಯಾಕೆ ಹೇಳಬೇಕು? "ಸ್ವಲ್ಪ ಹೊತ್ತು" ಅಂದರೆ ಸಾಲದಾ?

ಸಾಲದು. "ಸ್ವಲ್ಪ ಹೊತ್ತು" ಅಂದರೆ ಐದು ನಿಮಿಷವೂ ಆಗಬಹುದು, ಒಂದೂವರೆ ಗಂಟೆಯೂ ಆಗಬಹುದು. ಓದುವವರಿಗೆ ಅದು ಗೊತ್ತಾಗದಿದ್ದರೆ "ಆಮೇಲೆ ನೋಡೋಣ" ಅಂತ ಬದಿಗಿಡುತ್ತಾರೆ. 20 ನಿಮಿಷ ಅಂದರೆ ಊಟ ಮುಗಿಸಿ ಮತ್ತೆ ಕೆಲಸಕ್ಕೆ ಕೂರುವ ಮುಂಚೆ, ಅಥವಾ ಕೆಲಸದಿಂದ ರೂಮಿಗೆ ಹೋಗುವ ದಾರಿಯಲ್ಲಿ ಸಿಗುವ ಹೊತ್ತು. ಮೂರು ಒಳ್ಳೆಯ ಪ್ರಶ್ನೆಗಳಿಗೆ ಅಷ್ಟು ಸಾಕು.

ಯಾರನ್ನು ಕೇಳಬೇಕು? ಎಲ್ಲಿ ಹುಡುಕಬೇಕು?

ಮೊದಲು ನಿಮ್ಮ ವಿಭಾಗದ ಮೇಷ್ಟ್ರನ್ನೇ ಕೇಳಿ. ಹತ್ತು ವರ್ಷದಿಂದ ಪಾಠ ಮಾಡುತ್ತಿರುವವರಿಗೆ ಯಾರು ಎಲ್ಲಿದ್ದಾರೆ ಅನ್ನುವುದು ಚೆನ್ನಾಗಿ ಗೊತ್ತಿರುತ್ತದೆ. "ನಿಮ್ಮ ಬಗ್ಗೆ ನಮ್ಮ ಮೇಡಂ ಹೇಳಿದರು" ಅನ್ನುವ ಒಂದು ವಾಕ್ಯ ಬೇರೆ ಯಾವ ಪರಿಚಯಕ್ಕಿಂತಲೂ ಜಾಸ್ತಿ ಕೆಲಸ ಮಾಡುತ್ತದೆ. ಆದರೆ ಅವರು ನಿಜವಾಗಿ ಹೇಳಿರಬೇಕು.

ಅದಾದ ಮೇಲೆ ಲಿಂಕ್ಡ್‌ಇನ್. ಅಲ್ಲಿ ಕಾಲೇಜಿನ ಪುಟ ತೆರೆದರೆ Alumni ಎಂಬ ವಿಭಾಗ ಇರುತ್ತದೆ. ಯಾವ ಊರು, ಯಾವ ಕಂಪನಿ, ಯಾವ ಬಗೆಯ ಕೆಲಸ ಅಂತ ಸೋಸಿ ನೋಡಬಹುದು. ನಮ್ಮ ಭಾಗದಲ್ಲಿ ಒಂದು ಸಂಗತಿ ನೆನಪಿರಲಿ. ಹುಬ್ಬಳ್ಳಿಯ ಬಿ.ವಿ.ಬಿ. ಎಂಜಿನಿಯರಿಂಗ್ ಕಾಲೇಜು ಈಗ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ. ಹಳಬರು ತಮ್ಮ ಪ್ರೊಫೈಲಿನಲ್ಲಿ ಹಳೆಯ ಹೆಸರನ್ನೇ ಬರೆದಿರಬಹುದು, ಹಾಗಾಗಿ ಎರಡೂ ಹೆಸರಿನಲ್ಲಿ ಹುಡುಕಿ. ಹಾಗೆಯೇ 1998ರಲ್ಲಿ ವಿಟಿಯು ಶುರುವಾಗುವ ಮೊದಲು ಈ ಭಾಗದ ಎಂಜಿನಿಯರಿಂಗ್ ಪದವಿಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ ಬರುತ್ತಿದ್ದವು. ತುಂಬ ಹಿರಿಯರನ್ನು ಹುಡುಕುವಾಗ ಆ ಹೆಸರನ್ನೂ ಹಾಕಿ ನೋಡಿ.

ನನ್ನ ಮಾತು ಕೇಳಿದರೆ, ಕಂಪನಿಯ ಮುಖ್ಯಸ್ಥರನ್ನು ಹುಡುಕುವ ಬದಲು ನಿಮಗಿಂತ ಮೂರರಿಂದ ಎಂಟು ವರ್ಷ ಮುಂದಿರುವವರನ್ನು ಹುಡುಕಿ. ಮೊದಲ ಕೆಲಸದ ಮೊದಲ ವರ್ಷ ಹೇಗಿತ್ತು ಅನ್ನುವುದು ಅವರಿಗೆ ಇನ್ನೂ ನೆನಪಿರುತ್ತದೆ. ನಿಮಗೆ ಈಗ ಬೇಕಾಗಿರುವುದು ಅದೇ ಅಲ್ವಾ?

ಮೆಸೇಜ್ ಹೇಗಿರಬೇಕು? ಒಂದು ಮಾದರಿ ಕೊಡಿ.

ನಮ್ಮ ಗದಗಿನ ಹುಡುಗಿ ಮೊದಲು ಬರೆದದ್ದು ಹೀಗೆ ಅಂದುಕೊಳ್ಳಿ:

"ಹಾಯ್ ಸರ್, ನಾನು ನಿಮ್ಮ ಜೂನಿಯರ್. ನನಗೆ ವಿಂಡ್ ಎನರ್ಜಿಯಲ್ಲಿ ತುಂಬಾ ಆಸಕ್ತಿ ಇದೆ. ದಯವಿಟ್ಟು ಗೈಡ್ ಮಾಡಿ. ನೀವು ಯಾವಾಗ ಫ್ರೀ ಇದ್ದರೂ ಸರಿ."

ಇದರಲ್ಲಿ ಅಗೌರವ ಏನೂ ಇಲ್ಲ. ಆದರೆ ಇದಕ್ಕೆ ಉತ್ತರ ಕೊಡಬೇಕಾದರೆ ಆ ಸೀನಿಯರ್ ನಾಲ್ಕು ಕೆಲಸ ಮಾಡಬೇಕು. ಇವಳು ಯಾರು ಅಂತ ತಿಳಿಯಬೇಕು, ಏನು ಬೇಕಾಗಿದೆ ಅಂತ ಊಹಿಸಬೇಕು, ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಲೆಕ್ಕ ಹಾಕಬೇಕು, ಕೊನೆಗೆ ಸಮಯವನ್ನೂ ತಾವೇ ಹುಡುಕಬೇಕು. ಇಡೀ ದಿನ ಸೈಟಿನಲ್ಲಿ ದುಡಿದು ಬಂದವರು ಅಷ್ಟೆಲ್ಲ ಮಾಡುವುದಿಲ್ಲ. ಆ ಕೆಲಸಗಳನ್ನು ಅವಳೇ ಮಾಡಿಕೊಟ್ಟರೆ ಮೆಸೇಜ್ ಹೀಗಾಗುತ್ತದೆ:

"ನಮಸ್ಕಾರ ಸರ್. ನಾನು ಗದಗಿನ ನಮ್ಮ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಆರನೇ ಸೆಮಿಸ್ಟರ್ ಓದುತ್ತಿದ್ದೇನೆ. ನೀವು ಗಾಳಿ ವಿದ್ಯುತ್ ಸೈಟಿನಲ್ಲಿ ನಿರ್ವಹಣೆ ನೋಡಿಕೊಳ್ಳುತ್ತೀರಿ ಎಂದು ನಮ್ಮ ವಿಭಾಗದ ಮೇಡಂ ಹೇಳಿದರು. ಮುಂದಿನ ಸೆಮಿಸ್ಟರ್‌ಗೆ ಐಚ್ಛಿಕ ವಿಷಯ ಆರಿಸಬೇಕಾಗಿದೆ, ಅದಕ್ಕೂ ಮೊದಲು ನಿಮ್ಮ ಜೊತೆ 20 ನಿಮಿಷ ಫೋನಿನಲ್ಲಿ ಮಾತಾಡಬಹುದಾ?

ನನ್ನ ಪ್ರಶ್ನೆಗಳು ಇವು. ಒಂದು, ಹೊಸದಾಗಿ ಸೇರಿದ ಎಲೆಕ್ಟ್ರಿಕಲ್ ಎಂಜಿನಿಯರ್‌ಗೆ ಮೊದಲ ವರ್ಷ ಟರ್ಬೈನ್ ಕಡೆ ಕೆಲಸ ಜಾಸ್ತಿ ಇರುತ್ತದಾ, 33 ಕೆವಿ ಸಬ್‌ಸ್ಟೇಷನ್ ಕಡೆಯಾ? ಎರಡು, ಎತ್ತರದಲ್ಲಿ ಕೆಲಸ ಮಾಡುವ ಜಿಡಬ್ಲ್ಯೂಒ ತರಬೇತಿಯನ್ನು ನಾವೇ ಮೊದಲು ಮಾಡಿಕೊಂಡಿರಬೇಕಾ, ಸೇರಿದ ಮೇಲೆ ಕಂಪನಿ ಮಾಡಿಸುತ್ತದಾ? ಮೂರು, ನೀವು ಪ್ರಾಜೆಕ್ಟ್ ಕೆಲಸ ಬಿಟ್ಟು ನಿರ್ವಹಣೆಗೆ ಬಂದದ್ದು ಯಾಕೆ?

ಮುಂದಿನ ಎರಡು ವಾರ ಮಂಗಳವಾರ ಮತ್ತು ಗುರುವಾರ ಸಂಜೆ 7ರಿಂದ 9, ಭಾನುವಾರ ಬೆಳಿಗ್ಗೆ 8ರಿಂದ 11 ನನಗೆ ಅನುಕೂಲ. ಇವು ನಿಮ್ಮ ಶಿಫ್ಟಿಗೆ ಹೊಂದದಿದ್ದರೆ ನಿಮ್ಮ ಸಮಯ ಹೇಳಿ ಸರ್. ವಾರದ ದಿನ 10ರಿಂದ 4ರವರೆಗೆ ಕ್ಲಾಸ್ ಇರುತ್ತದೆ, ಉಳಿದಂತೆ ಹೊಂದಿಸಿಕೊಳ್ಳುತ್ತೇನೆ. ಮಾತಾಡಲು ಆಗದಿದ್ದರೆ ಮೊದಲ ಪ್ರಶ್ನೆಗೆ ಒಂದು ವಾಯ್ಸ್ ಮೆಸೇಜ್ ಕಳಿಸಿದರೂ ನನಗೆ ಸಹಾಯ ಆಗುತ್ತದೆ."

ಇದಕ್ಕೆ "ಗುರುವಾರ 8ಕ್ಕೆ ಫೋನ್ ಮಾಡು" ಅಂತ ಒಂದೇ ಸಾಲಿನಲ್ಲಿ ಉತ್ತರ ಕೊಡಬಹುದು. ಕಳಿಸುವ ಮೊದಲು ನೀವೂ ಹೀಗೆ ಪರೀಕ್ಷೆ ಮಾಡಿ. ನಿಮ್ಮ ಮೆಸೇಜ್‌ಗೆ ಒಂದೇ ಸಾಲಿನ ಉತ್ತರ ಸಾಧ್ಯವಾ? ಆಗದಿದ್ದರೆ ಇನ್ನೂ ಏನೋ ಬಿಟ್ಟಿದ್ದೀರಿ.

ಲಿಂಕ್ಡ್‌ಇನ್‌ನಲ್ಲಿ ಸಂಪರ್ಕ ಕೋರುವಾಗ ಬರೆಯುವ ಟಿಪ್ಪಣಿಗೆ ಜಾಗ ಬಹಳ ಕಡಿಮೆ. ಅಲ್ಲಿ ನೀವು ಯಾರು, ಯಾರು ಹೇಳಿದರು, 20 ನಿಮಿಷ ಬೇಕು ಅನ್ನುವುದಷ್ಟೇ ಬರೆಯಿರಿ. ಅವರು ಒಪ್ಪಿಕೊಂಡ ಮೇಲೆ ಪೂರ್ತಿ ಮೆಸೇಜ್ ಕಳಿಸಿ.

ನನ್ನ ಪ್ರಶ್ನೆ ನಿರ್ದಿಷ್ಟವಾಗಿದೆಯಾ ಇಲ್ಲವಾ ಅಂತ ಹೇಗೆ ಗೊತ್ತಾಗುತ್ತದೆ?

ಎಲ್ಲರೂ ಎಡವುವುದು ಇಲ್ಲೇ, ಆದ್ದರಿಂದ ಸ್ವಲ್ಪ ಉದ್ದ ಹೇಳುತ್ತೇನೆ.

"ವಿಂಡ್ ಎನರ್ಜಿಯಲ್ಲಿ ಸ್ಕೋಪ್ ಹೇಗಿದೆ?" ಅನ್ನುವ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಇದನ್ನು ಬೇರೆ ಹತ್ತು ಜನರಿಗೂ ಒಂದಕ್ಷರ ಬದಲಿಸದೆ ಕಳಿಸಬಹುದು. ಅಂದರೆ ಈ ಸೀನಿಯರ್‌ಗೆ ಮಾತ್ರ ಗೊತ್ತಿರುವುದನ್ನು ಅದು ಕೇಳುತ್ತಿಲ್ಲ. ಉತ್ತರವೂ "ಚೆನ್ನಾಗಿದೆ, ಓದಿಕೊಳ್ಳಿ" ಅಂತಲೇ ಬರುತ್ತದೆ.

ಇದನ್ನು ಚೂಪು ಮಾಡಲು ನಾನು ವಿದ್ಯಾರ್ಥಿಗಳಿಗೆ ಒಂದು ಮಾತು ಕೇಳುತ್ತೇನೆ: ಈ ಉತ್ತರ ಸಿಕ್ಕ ಮೇಲೆ ನೀವು ಏನನ್ನು ಬದಲಿಸುತ್ತೀರಿ? ನಮ್ಮ ಹುಡುಗಿ ಯೋಚಿಸಿ "ಐಚ್ಛಿಕ ವಿಷಯ" ಅಂದಳು ಅಂತ ಇಟ್ಟುಕೊಳ್ಳೋಣ. ವಿದ್ಯುತ್ ವ್ಯವಸ್ಥೆಯ ರಕ್ಷಣೆ, ಅಂದರೆ ರಿಲೇ, ಬ್ರೇಕರ್ ಕುರಿತ ವಿಷಯ ತಗೋಬೇಕಾ? ಅಥವಾ ಪವರ್ ಎಲೆಕ್ಟ್ರಾನಿಕ್ಸ್ ಕಡೆ ಹೋಗಬೇಕಾ? ಈಗ ಪ್ರಶ್ನೆಗೆ ಒಂದು ನೆಲೆ ಸಿಕ್ಕಿತು. ಗಾಳಿಯಂತ್ರದ ಒಳಗೆ ಜನರೇಟರ್ ಮತ್ತು ಕನ್ವರ್ಟರ್ ಇರುತ್ತವೆ. ಸಾಮಾನ್ಯವಾಗಿ 690 ವೋಲ್ಟ್‌ನಲ್ಲಿ ಬರುವ ವಿದ್ಯುತ್ತನ್ನು ಅಲ್ಲೇ ಇರುವ ಟ್ರಾನ್ಸ್‌ಫಾರ್ಮರ್ 33 ಕೆವಿಗೆ ಏರಿಸಿ ಸಬ್‌ಸ್ಟೇಷನ್‌ಗೆ ಕಳಿಸುತ್ತದೆ. ಕನ್ವರ್ಟರ್ ಕೆಟ್ಟರೆ ಪವರ್ ಎಲೆಕ್ಟ್ರಾನಿಕ್ಸ್ ಬೇಕು. 33 ಕೆವಿ ಲೈನಿನಲ್ಲಿ ದೋಷ ಬಂದರೆ ರಕ್ಷಣೆಯ ವಿಷಯ ಬೇಕು. ಹಾಗಾದರೆ ಅವಳು ಕೇಳಬೇಕಾದದ್ದು, ಹೊಸಬರನ್ನು ಇವೆರಡರಲ್ಲಿ ಯಾವ ಕಡೆ ಹಾಕುತ್ತಾರೆ ಅಂತ. ಮೇಲಿನ ಮೆಸೇಜ್‌ನ ಮೊದಲ ಪ್ರಶ್ನೆ ಹುಟ್ಟಿದ್ದು ಹೀಗೆ. ಇದನ್ನು ಓದಿದ ತಕ್ಷಣ ಆ ಸೀನಿಯರ್‌ಗೆ ಗೊತ್ತಾಗುತ್ತದೆ, ಈ ಹುಡುಗಿ ಒಂದಷ್ಟು ಓದಿಕೊಂಡು ಬಂದಿದ್ದಾಳೆ ಅಂತ.

ಎರಡನೇ ಪ್ರಶ್ನೆ ದುಡ್ಡಿನದು. ಜಿಡಬ್ಲ್ಯೂಒ ಅಂದರೆ ಗ್ಲೋಬಲ್ ವಿಂಡ್ ಆರ್ಗನೈಸೇಷನ್. ಗಾಳಿಯಂತ್ರ ಹತ್ತುವವರ ಸುರಕ್ಷತಾ ತರಬೇತಿಗೆ ಮಾನದಂಡ ಇಟ್ಟಿರುವ ಸಂಸ್ಥೆ ಅದು. ತರಬೇತಿ ಬಗ್ಗೆ ಎಲ್ಲರೂ ಓದಬಹುದು. ಆದರೆ ಈ ಕಂಪನಿಯಲ್ಲಿ ಹೊಸಬರ ಖರ್ಚು ಯಾರು ಹಾಕುತ್ತಾರೆ ಅನ್ನುವುದು ಒಳಗಿರುವವರಿಗೇ ಗೊತ್ತು. ಮನೆಯಲ್ಲಿ ಅಪ್ಪನ ಹತ್ತಿರ ದುಡ್ಡು ಕೇಳುವ ಮೊದಲು ಇದು ತಿಳಿಯಲೇಬೇಕು.

ಮೂರನೆಯದು ಅವರದೇ ನಿರ್ಧಾರದ ಬಗ್ಗೆ. ಇಂಥದ್ದು ಒಂದು ಇರಲಿ. ಯಾಕೆ ಬದಲಾದೆ ಅಂತ ಹೇಳುವಾಗ ಆ ಕೆಲಸದ ಕಷ್ಟ, ಸುಖ ಎರಡೂ ತಾವಾಗಿಯೇ ಹೊರಬರುತ್ತವೆ. "ನಿಮ್ಮ ಕೆಲಸದಲ್ಲಿ ಕಷ್ಟ ಏನು?" ಅಂತ ನೇರವಾಗಿ ಕೇಳಿದರೆ ಜನ ಹುಷಾರಾಗಿ ಮಾತಾಡುತ್ತಾರೆ.

ಕಂಪನಿಯ ವೆಬ್‌ಸೈಟಿನಲ್ಲೇ ಉತ್ತರ ಇರುವ ಪ್ರಶ್ನೆಗಳನ್ನು ತೆಗೆದುಹಾಕಿ. ಮೂರಕ್ಕಿಂತ ಜಾಸ್ತಿ ಬರೆಯಬೇಡಿ. ಒಂದೊಂದಕ್ಕೆ ಐದು ನಿಮಿಷ ಹಿಡಿದರೆ ಅಲ್ಲಿಗೇ ಹದಿನೈದು ಆಯಿತು.

ಪ್ರಶ್ನೆಗಳನ್ನು ಮೊದಲೇ ಕಳಿಸಿದರೆ ಮಾತಿನಲ್ಲಿ ಏನು ಉಳಿಯುತ್ತದೆ?

ಬೇಕಾದಷ್ಟು ಉಳಿಯುತ್ತದೆ. ಮೊದಲೇ ನೋಡಿದ್ದರೆ ಅವರು ಎರಡು ದಿನ ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತಾರೆ, ಪಕ್ಕದಲ್ಲಿರುವ ಹೊಸ ಹುಡುಗನನ್ನೂ ಒಂದು ಮಾತು ಕೇಳಿರುತ್ತಾರೆ. ತಮಗೆ ಗೊತ್ತಿಲ್ಲದ ವಿಷಯ ಆಗಿದ್ದರೆ "ನನ್ನ ಬದಲು ಇಂಥವರನ್ನು ಕೇಳಿ" ಅಂತ ಹೇಳಲಿಕ್ಕೂ ಅವಕಾಶ ಸಿಗುತ್ತದೆ. ಅದರಿಂದ ಇಬ್ಬರ ಸಮಯವೂ ಉಳಿಯಿತು.

ಮೆಸೇಜ್‌ನಲ್ಲಿ ಬರೆಯಲು ಸಂಕೋಚ ಆಗುವ ಪ್ರಶ್ನೆಗಳೂ ಇರುತ್ತವೆ. ನಿರ್ವಹಣೆ ತಂಡದಲ್ಲಿ ಹೆಣ್ಣುಮಕ್ಕಳು ಇದ್ದಾರಾ, ಊರಿಂದ ದೂರದ ಸೈಟಿನಲ್ಲಿ ಉಳಿದುಕೊಳ್ಳುವ ವ್ಯವಸ್ಥೆ ಏನು, ರಾತ್ರಿ ಕರೆ ಬಂದರೆ ಯಾರ ಜೊತೆ ಹೋಗಬೇಕು. ಗದಗಿನ ಮನೆಯಲ್ಲಿ ಅವ್ವ ಮೊದಲು ಕೇಳುವುದು ಇದನ್ನೇ. ಇವು ಚಿಕ್ಕ ಪ್ರಶ್ನೆಗಳಲ್ಲ, ಕೆಲಸ ಆರಿಸುವಾಗ ಇವುಗಳ ತೂಕ ದೊಡ್ಡದು. ಮಾತು ಸ್ವಲ್ಪ ಸಲೀಸಾದ ಮೇಲೆ ನೇರವಾಗಿ ಕೇಳಿ. ಸೀನಿಯರ್‌ಗೆ ಸರಿಯಾಗಿ ಗೊತ್ತಿಲ್ಲದಿದ್ದರೆ, ಆ ತಂಡದಲ್ಲಿರುವ ಮಹಿಳೆಯೊಬ್ಬರ ಪರಿಚಯ ಮಾಡಿಸಬಹುದಾ ಅಂತ ಕೇಳಿ.

"ನೀವು ಯಾವಾಗ ಹೇಳಿದರೂ ಸರಿ" ಅಂದರೆ ಅದೇ ವಿನಯ ಅಲ್ವಾ?

ಕೇಳಲು ವಿನಯ ಅನಿಸುತ್ತದೆ. ಆದರೆ ಸಮಯ ಹುಡುಕುವ ಕೆಲಸ ಪೂರ್ತಿ ಅವರ ತಲೆಗೆ ಬರುತ್ತದೆ. ಮೇಲಾಗಿ ಅದು ನಿಜವೂ ಅಲ್ಲ. ಅವರು "ಬುಧವಾರ 11ಕ್ಕೆ" ಅಂದರೆ ನಿಮಗೆ ಲ್ಯಾಬ್ ಇರುತ್ತದೆ. ಆಗ "ಸಾರಿ ಸರ್, ಅದು ಆಗಲ್ಲ" ಅನ್ನಬೇಕಾಗುತ್ತದೆ.

ಇದರ ಬದಲು ಎರಡು ಮೂರು ಬೇರೆ ಬೇರೆ ಬಗೆಯ ಹೊತ್ತು ಕೊಡಿ: ಒಂದು ಸಂಜೆ, ಒಂದು ರಜೆ ದಿನದ ಬೆಳಿಗ್ಗೆ. ಹಿಂದೆಯೇ "ಇವು ಆಗದಿದ್ದರೆ ನಿಮ್ಮದು ಹೇಳಿ" ಅನ್ನಿ. ಅದರ ಜೊತೆ ನಿಮಗೆ ಆಗದೇ ಇರುವ ಹೊತ್ತು ಯಾವುದು ಅಂತಲೂ ಹೇಳಿಬಿಡಿ. ಈ ಕೊನೆಯದನ್ನು ಬಹಳ ಜನ ಬರೆಯುವುದಿಲ್ಲ. ಆದರೆ ಅವರು ತಮ್ಮ ಸಮಯ ಆರಿಸಿಕೊಳ್ಳಲು ಬೇಕಾಗುವುದು ಅದೇ.

ಅವರ ಕೆಲಸದ ಸ್ವರೂಪವನ್ನೂ ನೋಡಿಕೊಳ್ಳಿ. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲೋ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲೋ ಶಿಫ್ಟಿನಲ್ಲಿ ದುಡಿಯುವವರಿಗೆ ಸಂಜೆ 7 ಅಂದರೆ ಒಂದು ವಾರ ಬಿಡುವು, ಮುಂದಿನ ವಾರ ಕೆಲಸ. ಅಂಥವರಿಗೆ ಒಂದೇ ವಾರದ ಬದಲು ಎರಡು ವಾರದ ಅವಕಾಶ ಕೊಡಿ. ಗಾಳಿ ವಿದ್ಯುತ್ತಿನವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯ ಸೀಸನ್. ಆಗ ಒಂದು ಯಂತ್ರ ನಿಂತರೂ ನಷ್ಟ, ಗಾಳಿ ಜೋರಾಗಿದ್ದರೆ ಮೇಲೆ ಹತ್ತುವಂತೆಯೂ ಇಲ್ಲ. ಗಾಳಿ ಇಳಿಯುವುದನ್ನೇ ಕಾದಿದ್ದು ಕೆಲಸ ಮುಗಿಸುತ್ತಾರೆ. ಗುರುವಾರ 8ಕ್ಕೆ ಅಂತ ಒಪ್ಪಿಕೊಂಡವರು 7:50ಕ್ಕೆ "ಇವತ್ತು ಆಗಲ್ಲ" ಅನ್ನಬಹುದು. "ಪರವಾಗಿಲ್ಲ ಸರ್, ಭಾನುವಾರ ಬೆಳಿಗ್ಗೆ ಆಗುತ್ತದಾ?" ಅಂತ ತಕ್ಷಣ ಬರೆಯಿರಿ.

ಸೀನಿಯರ್ ವಿದೇಶದಲ್ಲಿದ್ದರೆ?

ಎರಡೂ ಕಡೆಯ ಸಮಯ ಬರೆಯಿರಿ. ನಮ್ಮ ಭಾನುವಾರ ರಾತ್ರಿ 8 ಅಂದರೆ ನ್ಯೂಯಾರ್ಕ್‌ನಲ್ಲಿ ಬೇಸಿಗೆಯಲ್ಲಿ ಬೆಳಿಗ್ಗೆ 10:30, ಚಳಿಗಾಲದಲ್ಲಿ 9:30. ಜರ್ಮನಿಯಲ್ಲಿ ಬೇಸಿಗೆಯಾದರೆ ಸಂಜೆ 4:30, ಚಳಿಗಾಲವಾದರೆ 3:30. ಅಲ್ಲಿ ವರ್ಷಕ್ಕೆ ಎರಡು ಸಲ ಗಡಿಯಾರ ಬದಲಿಸುತ್ತಾರೆ, ನಾವು ಬದಲಿಸುವುದಿಲ್ಲ. ಮಾರ್ಚ್ ಮತ್ತು ಅಕ್ಟೋಬರ್-ನವೆಂಬರ್‌ನಲ್ಲಿ ಮಾತು ಗೊತ್ತುಮಾಡಿದ್ದರೆ ಹಿಂದಿನ ದಿನ ಇನ್ನೊಮ್ಮೆ ನೋಡಿಕೊಳ್ಳಿ.

ಕನ್ನಡದಲ್ಲಿ ಬರೆಯಬಹುದಾ? "ಸರ್" ಅನ್ನಬೇಕಾ, "ಅಣ್ಣ" ಅನ್ನಬೇಕಾ?

ಅವರೂ ನಮ್ಮ ಕಡೆಯವರೇ ಅಂತ ಗೊತ್ತಿದ್ದರೆ ಧಾರಾಳವಾಗಿ ಕನ್ನಡದಲ್ಲಿ ಬರೆಯಿರಿ. ಕಾಲೇಜಿಗೆ ಹೊರಗಿನಿಂದ ಬಂದು ಓದಿದವರಾಗಿದ್ದರೆ ಇಂಗ್ಲಿಷ್. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಮಾತ್ರ ಬರೆಯಬೇಡಿ. ಗೆಳೆಯರ ಚಾಟ್‌ಗೆ ಅದು ಸರಿ, ಮೂರು ಪ್ರಶ್ನೆಗಳಿರುವ ಮೆಸೇಜನ್ನು ಹಾಗೆ ಓದುವುದು ಕಷ್ಟ.

ಮೊದಲ ಸಲ "ಸರ್", "ಮೇಡಂ" ಇರಲಿ. ಒಂದೇ ಹಾಸ್ಟೆಲಿನಲ್ಲಿ ಇದ್ದವರಾದರೆ ಅಥವಾ ಅವರೇ "ಅಣ್ಣ ಅನ್ನಪಾ, ಸರ್ ಗಿರ್ ಬ್ಯಾಡ" ಅಂದರೆ ಆಗ ಅಣ್ಣ, ಅಕ್ಕ. ಫೋನಿನಲ್ಲಿ ನಮ್ಮ ಕಡೆ ಮಾತೇ ಬರಲಿ, ಅದಕ್ಕೆ ಹಿಂಜರಿಯುವುದು ಬೇಡ.

ರೆಸ್ಯೂಮೆ ಜೊತೆಗೇ ಕಳಿಸಲಾ? ಕೆಲಸ ಕೊಡಿಸಿ ಅಂತ ಕೇಳಬಹುದಾ?

ಎರಡೂ ಬೇಡ. ರೆಸ್ಯೂಮೆ ಕಂಡ ಕೂಡಲೇ ಅವರು ಇದನ್ನು ಕೆಲಸದ ಅರ್ಜಿ ಅಂದುಕೊಳ್ಳುತ್ತಾರೆ. ತಮ್ಮ ಕೈಯಲ್ಲಿ ಕೆಲಸ ಇಲ್ಲದಿದ್ದರೆ ಉತ್ತರ ಕೊಡಲು ಸಂಕೋಚಪಡುತ್ತಾರೆ. ಮಾತಿನ ಮಧ್ಯೆ ಅವರೇ "ಕಳಿಸು, ನೋಡ್ತೀನಿ" ಅಂದರೆ ಅದೇ ದಿನ ಕಳಿಸಿ. ಬರೀ ಮಾತಾಡಬೇಕು ಅಂತ ಬರೆದು, ಫೋನಿನಲ್ಲಿ ಕೆಲಸ ಕೇಳುವುದು ಅವರಿಗೆ ಮಾಡುವ ಮೋಸ. ಕೆಲಸವೇ ಬೇಕಿದ್ದರೆ ಹಾಗೆಂದೇ ಬೇರೆ ಮೆಸೇಜ್ ಬರೆಯಿರಿ.

ಸಂಬಳ ಕೇಳಬಹುದು, ಆದರೆ "ನಿಮಗೆಷ್ಟು?" ಅಂತ ಬೇಡ. "ಹೊಸಬರಿಗೆ ಎಷ್ಟರಿಂದ ಎಷ್ಟರವರೆಗೆ ಕೊಡುತ್ತಾರೆ ಸರ್? ಸೈಟ್ ಭತ್ಯೆ ಅದರಲ್ಲೇ ಸೇರಿರುತ್ತದಾ?" ಅಂತ ಕೇಳಿ.

ಉತ್ತರವೇ ಬರಲಿಲ್ಲ. ಏನು ಮಾಡಲಿ?

ಒಂದು ವಾರ, ಹತ್ತು ದಿನ ಬಿಟ್ಟು ಒಮ್ಮೆ ನೆನಪಿಸಿ. "ಸರ್, ನನ್ನ ಮೆಸೇಜ್ ನೋಡಿದ್ರಾ?" ಅಂತ ಮಾತ್ರ ಬರೆಯಬೇಡಿ. ಮೊದಲು ಕೊಟ್ಟಿದ್ದ ದಿನಗಳು ಅಷ್ಟರಲ್ಲಿ ಮುಗಿದುಹೋಗಿರುತ್ತವೆ. ಹೊಸ ದಿನಗಳನ್ನು ಕೊಟ್ಟು, ಮೂರರಲ್ಲಿ ಅತಿ ಮುಖ್ಯವಾದ ಒಂದು ಪ್ರಶ್ನೆಯನ್ನು ಮತ್ತೆ ಬರೆಯಿರಿ. ಅದಕ್ಕೂ ಉತ್ತರ ಬರದಿದ್ದರೆ ಅಲ್ಲಿಗೆ ಬಿಡಿ, ಇನ್ನೊಬ್ಬರಿಗೆ ಬರೆಯಿರಿ. ಅವರ ನಂಬರ್ ಹುಡುಕಿ ನೇರ ಫೋನ್ ಮಾಡುವುದು, ಬೇರೆ ಕಡೆಯಿಂದ ಹೇಳಿಸಿ ಒತ್ತಾಯ ಮಾಡುವುದು ಬೇಡ. ಒಂದೇ ಕಂಪನಿಯ ಮೂವರಿಗೆ ಒಂದೇ ದಿನ ಅದೇ ಮೆಸೇಜ್ ಕಳಿಸುವುದೂ ಬೇಡ. ಅವರು ಚಹಾಕ್ಕೆ ಒಟ್ಟಿಗೆ ಹೋಗುವವರು, ಗೊತ್ತಾಗಿಬಿಡುತ್ತದೆ.

ಆ 20 ನಿಮಿಷ ಹೇಗೆ ನಡೆಸಬೇಕು?

ಸರಿಯಾದ ಹೊತ್ತಿಗೆ ನೀವೇ ಫೋನ್ ಮಾಡಿ. ಹುಬ್ಬಳ್ಳಿ-ಗದಗ ರೈಲಿನಲ್ಲಿ, ಬಸ್ಸಿನಲ್ಲಿ ಓಡಾಡುವಾಗ ಕರೆ ಇಟ್ಟುಕೊಳ್ಳಬೇಡಿ. ಸದ್ದು ಬೇರೆ, ಮಧ್ಯದಲ್ಲಿ ಕಡಿದುಹೋಗುವ ಭಯ ಬೇರೆ. ಮೊದಲ ಮಾತು "ಸರ್, ಈಗ ಮಾತಾಡ್ಲಿಕ್ಕೆ ಅನುಕೂಲ ಐತೇನ್ರಿ?" ಅಂತಿರಲಿ.

ಪರಿಚಯಕ್ಕೆ ಒಂದೆರಡು ನಿಮಿಷ ಸಾಕು. ಬಹಳ ಮುಖ್ಯವಾದ ಪ್ರಶ್ನೆಯನ್ನು ಮೊದಲೇ ಕೇಳಿಬಿಡಿ, ಕೊನೆಗೆ ಉಳಿಸಿಕೊಂಡರೆ ಅಷ್ಟರಲ್ಲಿ ಅವರಿಗೆ ಇನ್ನೊಂದು ಕರೆ ಬರಬಹುದು. ಅವರು ಹೇಳಿದ್ದನ್ನು ಹಿಡಿದು ಒಂದು ಮರುಪ್ರಶ್ನೆ ಕೇಳಿ. "ಹೊಸಬರನ್ನು ಮೊದಲು ಸಬ್‌ಸ್ಟೇಷನ್ ಕಡೆ ಹಾಕ್ತೇವೆ" ಅಂದರೆ, "ಅಲ್ಲಿ ಮೊದಲ ತಿಂಗಳು ಕೈಗೆ ಏನು ಕೆಲಸ ಕೊಡ್ತೀರಿ ಸರ್?" ಅನ್ನಿ. ಬರೆದುಕೊಂಡ ಮೂರು ಪ್ರಶ್ನೆಗಳನ್ನು ಒಂದರ ಹಿಂದೆ ಒಂದು ಓದಿಬಿಟ್ಟರೆ ಇಂಥ ವಿವರ ಸಿಗುವುದಿಲ್ಲ. ಟಿಪ್ಪಣಿ ಬರೆದುಕೊಳ್ಳಿ, ಆದರೆ ಕೇಳದೆ ರೆಕಾರ್ಡ್ ಮಾಡಬೇಡಿ.

ಹದಿನೆಂಟನೇ ನಿಮಿಷಕ್ಕೆ "ಸರ್, 20 ನಿಮಿಷ ಆಗ್ತಾ ಬಂತು" ಅಂತ ನೀವೇ ಹೇಳಿ. ಬಹಳ ಸಲ ಅವರು "ಇರಲಿ, ಕೇಳು" ಅನ್ನುತ್ತಾರೆ. ಆಗ ಮುಂದುವರಿಸಿ. ಅನ್ನದಿದ್ದರೆ ಮುಗಿಸಿ.

ಮಾತು ಮುಗಿದ ಮೇಲೆ?

ಅದೇ ದಿನ ಅಥವಾ ಮರುದಿನ ಮೂರು ಸಾಲು ಬರೆಯಿರಿ. ಬರೀ "ಥ್ಯಾಂಕ್ಯೂ ಸರ್" ಬೇಡ. ಅವರ ಯಾವ ಮಾತಿನಿಂದ ನೀವು ಏನು ಮಾಡಲಿದ್ದೀರಿ ಅಂತ ಬರೆಯಿರಿ: "ಹೊಸಬರಿಗೆ ಸಬ್‌ಸ್ಟೇಷನ್ ಕೆಲಸ ಮೊದಲು ಅಂದಿರಿ. ಹಾಗಾಗಿ ರಕ್ಷಣೆಯ ವಿಷಯ ಆರಿಸಿಕೊಳ್ಳುತ್ತಿದ್ದೇನೆ. ತರಬೇತಿಗೆ ಈಗಲೇ ದುಡ್ಡು ಹಾಕುವುದಿಲ್ಲ." ಸೆಮಿಸ್ಟರ್ ಮುಗಿದ ಮೇಲೆ ಅದು ಹೇಗಾಯಿತು ಅಂತ ಇನ್ನೊಂದು ಸಾಲು ತಿಳಿಸಿ.

ಅವರು ಇನ್ನೊಬ್ಬರ ನಂಬರ್ ಕೊಟ್ಟರೆ ತಕ್ಷಣ ಫೋನ್ ಮಾಡಬಹುದಾ?

"ನಿಮ್ಮ ಹೆಸರು ಹೇಳಬಹುದಾ ಸರ್? ಅವರಿಗೆ ಮೊದಲೇ ತಿಳಿಸಿರುತ್ತೀರಾ?" ಅಂತ ಕೇಳಿಕೊಳ್ಳಿ. ಆಮೇಲೆ ಫೋನಿನ ಬದಲು ಮೆಸೇಜ್ ಕಳಿಸಿ. ಮೊದಲ ಸಾಲಿನಲ್ಲೇ ಯಾರು ನಂಬರ್ ಕೊಟ್ಟರು ಅಂತ ಇರಲಿ. ಹಳೆಯ ಮೂರು ಪ್ರಶ್ನೆಗಳನ್ನು ಹಾಗೇ ಅಂಟಿಸಬೇಡಿ, ಅವುಗಳಲ್ಲಿ ಎರಡಕ್ಕೆ ಈಗಾಗಲೇ ಉತ್ತರ ಸಿಕ್ಕಿದೆ. ನಮ್ಮ ಹುಡುಗಿ ಈ ಸಲ ಆ ತಂಡದ ಮೇಡಂಗೆ ಬರೆಯುವುದಾದರೆ ಸೈಟಿನಲ್ಲಿ ಉಳಿಯುವ ವ್ಯವಸ್ಥೆ, ರಾತ್ರಿ ಕರೆಗಳು, ಮನೆಯವರನ್ನು ಅವರು ಒಪ್ಪಿಸಿದ ರೀತಿ, ಇಷ್ಟನ್ನೇ ಕೇಳಲಿ. ಹೊಸ ದಿನಗಳನ್ನು ಕೊಡಲಿ.